ವೈದೇಹಿಯವರಿಗೆ ದೀಪಾವಳಿಯ ಶುಭಾಶಯ

ಪ್ರೀತಿಯ ವೈದೇಹಿಯವರಿಗೆ,

ನಮಸ್ಕಾರ. ನಿಮಗೂ ಮನೆಯವರಿಗೂ ದೀಪಾವಳಿ ಹಬ್ಬದ ಶುಭಾಶಯಗಳು.

ನಾನು ಸವಿತಾ, ಕುಂದಾಪುರದ ಕಡೆಯವಳು. ಬೆಂಗಳೂರಿನಲ್ಲಿ ಕೆಲಸ. ಹಬ್ಬಕ್ಕೆ ಊರಿಗೆ ಬಂದಿದ್ದೇನೆ. ನಿನ್ನೆ ಸಂಜೆ ಅಮ್ಮ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ನಾನು ಅದಕ್ಕೆ ಶೇಡಿಯಿಂದ ಗೆರೆ ಎಳೆದೆ, ನೀರು ತುಂಬಿದೆವು. ಇವತ್ತು ಬೆಳಗಾಗುವ ಮೊದಲೇ ದೊಡ್ಡತ್ತೆಯ ತಲೆಗೆ ಎಣ್ಣೆ ಹಚ್ಚಿದ್ದು ನಾನೇ. ಅದಕ್ಕೇ ನಿಮ್ಮ ನೆನಪಾಯಿತು.

ದೊಡ್ಡತ್ತೆ ಮದುವೆಯಾದ ಎರಡೇ ವರ್ಷಕ್ಕೆ ತವರಿಗೆ ವಾಪಸ್ ಬಂದವರು. ಒಬ್ಬರೇ ಏನೋ ಮಾತಾಡಿಕೊಳ್ಳುತ್ತಾರೆ. ಯಾರಾದರೂ ನೆಂಟರು ಬಂದರೆ ಒಳಗಿನ ಕೋಣೆಗೆ ಕಳಿಸಿಬಿಡುತ್ತಿದ್ದರು. ನಾವು ಮಕ್ಕಳು ಬಾಗಿಲ ಸಂದಿಯಲ್ಲಿ ನಿಂತು ಅವರು ಹೇಳಿದ್ದನ್ನೇ ಹೇಳಿ ನಗುತ್ತಿದ್ದೆವು. ಅದು ತಪ್ಪು ಅಂತ ಯಾರೂ ಹೇಳಲಿಲ್ಲ, ನನಗೂ ಹೊಳೆದಿರಲಿಲ್ಲ.

ಡಿಗ್ರಿ ಓದುವಾಗ ಲೈಬ್ರರಿಯಲ್ಲಿ ನಿಮ್ಮ 'ಅಕ್ಕು' ಕತೆ ಕೈಗೆ ಸಿಕ್ಕಿತು. ಅಲ್ಲೇ ಕೂತು ಎರಡು ಸಲ ಓದಿದೆ. ಅಕ್ಕುವನ್ನು ನೋಡಿ ಪಾಪ ಅನ್ನಿ ಅಂತ ನೀವು ಎಲ್ಲೂ ಕೇಳುವುದಿಲ್ಲ. ಅವಳಿಗೆ ಹುಚ್ಚು ಅನ್ನುವ ಮನೆಯವರನ್ನೇ ನಾವು ನೋಡುವ ಹಾಗೆ ಮಾಡುತ್ತೀರಿ. ಆ ಮನೆಯವರ ಸಾಲಿನಲ್ಲಿ ನಾನೂ ನಿಂತಿದ್ದೆ. ಆ ವಾರ ಮನೆಗೆ ಹೋದಾಗ ಮೊದಲ ಸಲ ದೊಡ್ಡತ್ತೆಯ ಪಕ್ಕ ಸುಮ್ನೆ ಕೂತೆ. ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದುದು ಗಂಡನ ಮನೆಯ ಬಾವಿ, ತೋಟ, ಕಪ್ಪು ದನದ ಸುದ್ದಿ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ.

ನಿಮ್ಮ ಕತೆಗಳಲ್ಲಿ ನಮ್ಮ ಊರಿನ ಮಾತು ಇರುವುದು ನನಗೆ ಬಹಳ ಜಾಸ್ತಿ ಇಷ್ಟ. ಶಾಲೆಯಲ್ಲಿ ಆ ಮಾತಾಡಿ ಬೈಸಿಕೊಂಡವರು ನಾವು. ಅಡುಗೆಮನೆಯಲ್ಲಿ ಹೆಂಗಸರು ಅರ್ಧಕ್ಕೆ ನಿಲ್ಲಿಸುವ ಮಾತನ್ನು ನೀವೂ ಅರ್ಧಕ್ಕೇ ಬಿಡುತ್ತೀರಿ. ಉಳಿದದ್ದು ನಮಗೆ ಗೊತ್ತೇ ಇರುತ್ತದೆ, ಅಲ್ವಾ? 2018ರಲ್ಲಿ ನಿಮ್ಮ ಕತೆಗಳನ್ನು ಆಧರಿಸಿದ 'ಅಮ್ಮಚ್ಚಿಯೆಂಬ ನೆನಪು' ಸಿನಿಮಾ ಬಂದಾಗ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅಮ್ಮ ಏನೂ ಮಾತಾಡಲಿಲ್ಲ. ಮುಂದಿನ ಸಲ ನೆಂಟರು ಬಂದಾಗ ದೊಡ್ಡತ್ತೆಗೂ ಜಗಲಿಯಲ್ಲೇ ಕಾಫಿ ಕೊಟ್ಟರು.

ಇದಿಷ್ಟು ನಿಮಗೆ ತಿಳಿಸಬೇಕು ಅಂತ ಬಹಳ ದಿನದಿಂದ ಇತ್ತು. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಬಿಡುವಾದಾಗ ಓದಿದರೆ ಸಾಕು. ಆರೋಗ್ಯ ನೋಡಿಕೊಳ್ಳಿ.

ಇವತ್ತು ಎಣ್ಣೆ ಹಚ್ಚುವಾಗ ದೊಡ್ಡತ್ತೆ, "ಸಾಕ್ ಹೆಣೆ, ಕಣ್ಣಿಗ್ ಹೋತ್ತ್" ಅಂತ ನಕ್ಕರು. ಈಗ ಬಚ್ಚಲಿನಿಂದ ಕರೆಯುತ್ತಿದ್ದಾರೆ, ಬೆನ್ನಿಗೆ ನೀರು ಹೊಯ್ಯಬೇಕಂತೆ.

ಪ್ರೀತಿಯಿಂದ,
ಸವಿತಾ