ಮೊದಲ 12 ವಾರದ ಜಿಮ್ ಪಟ್ಟಿ: ಹಾಸನದ 16ರ ಹುಡುಗನಿಗೆ

ಪ್ರಥಮ ಪಿಯುಸಿ, ತೂಕ 52 ಕೆ.ಜಿ., ಜಿಮ್‌ಗೆ ಹೊಸಬ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ 5.30ಕ್ಕೆ ಬಾ, 50 ನಿಮಿಷ ಸಾಕು. ಉಳಿದ ದಿನ ಕ್ರಿಕೆಟ್ಟೋ ಸೈಕಲ್ಲೋ ನಿನ್ನಿಷ್ಟ. ಜಿಮ್ ಮಾತ್ರ ಬೇಡ, ಸ್ನಾಯು ಸುಧಾರಿಸಿಕೊಳ್ಳೋದೇ ಆ ಬಿಡುವಿನಲ್ಲಿ.

ಚಳಿಗಾಲದಲ್ಲಿ ಹಾಸನದ ಸಂಜೆ ಬೇಗ ಥಂಡಿ ಹಿಡಿಯುತ್ತೆ. ಬಂದ ಕೂಡಲೇ ಡಂಬೆಲ್ ಮುಟ್ಟಬೇಡ. 5 ನಿಮಿಷ ಸ್ಕಿಪ್ಪಿಂಗ್ ಮಾಡು, ಆಮೇಲೆ ಭುಜ, ಸೊಂಟ, ಹಿಮ್ಮಡಿ ಗಂಟು ಆಡಿಸಿ ತೂಕವಿಲ್ಲದೆ 15 ಬಸ್ಕಿ ಹೊಡಿ. ಮೈ ಸ್ವಲ್ಪ ಬೆವರಿರಬೇಕು.

1ರಿಂದ 4ನೇ ವಾರ

ಗಾಬ್ಲೆಟ್ ಸ್ಕ್ವಾಟ್, 5 ಕೆ.ಜಿ. ಡಂಬೆಲ್: 10ರಂತೆ 3 ಸೆಟ್
ಬೆಂಚ್ ಮೇಲೆ ಕೈಯಿಟ್ಟು ಪುಷ್‌ಅಪ್: 8ರಂತೆ 3 ಸೆಟ್
ಒಂದು ಕೈ ಬೆಂಚಿಗೆ ಊರಿ, ಇನ್ನೊಂದರಲ್ಲಿ ಡಂಬೆಲ್ಲನ್ನು ಸೊಂಟದ ಕಡೆ ಎಳೆಯೋ ಡಂಬೆಲ್ ರೋ, 5 ಕೆ.ಜಿ.: ಒಂದೊಂದು ಕೈಗೆ 10ರಂತೆ 3 ಸೆಟ್
ಬೆನ್ನಿಗೆ ಕೋಲಿಟ್ಟು ಸೊಂಟ ಬಾಗಿಸೋದು: 10ರಂತೆ 2 ಸೆಟ್
ಮೊಣಕೈ, ಕಾಲ್ಬೆರಳು ಊರಿ ಮೈ ನೆಟ್ಟಗೆ ಹಿಡಿಯೋ ಪ್ಲ್ಯಾಂಕ್: 20 ಸೆಕೆಂಡಿನಂತೆ 3 ಸಲ

ಸೆಟ್‌ಗಳ ನಡುವೆ 90 ಸೆಕೆಂಡ್ ಬಿಡುವು. ಇಳಿಯುವಾಗ ಮೂರು ಎಣಿಸು, ಏಳುವಾಗ ಉಸಿರು ಬಿಡು. ಉಸಿರು ಕಟ್ಟಿ ಎತ್ತಿದರೆ ತಲೆ ಸುತ್ತುತ್ತೆ.

ಸ್ಕ್ವಾಟ್‌ಗೆ ಹೆಚ್ಚು ಸಮಯ ಕೊಡು. ಡಂಬೆಲ್ ನೆಟ್ಟಗೆ ಹಿಡಿದು ಎದೆಗೆ ಒತ್ತಿಕೋ. ಪಾದ ಭುಜದಷ್ಟು ಅಗಲ, ಬೆರಳು ಸ್ವಲ್ಪ ಹೊರಗೆ. ಹಿಂದೊಂದು ಮಣೆ ಇದೆ ಅಂದುಕೊಂಡು ಕೂರಲು ಹೋಗು. ತಪ್ಪು ಆಗೋದು ಹೆಚ್ಚಾಗಿ ಮೂರು ಕಡೆ. ಹಿಮ್ಮಡಿ ಎದ್ದರೆ ಕಾಲಿನ ಗಂಟು ಬಿಗಿಯಾಗಿದೆ ಅಂತ. ಸದ್ಯಕ್ಕೆ ಹಿಮ್ಮಡಿ ಕೆಳಗೆ ಒಂದಿಂಚಿನ ಹಲಗೆ ಇಡು, ಮನೆಯಲ್ಲಿ ದಿನಾ ಮೀನಖಂಡ ಎಳೆದು ಬಿಡು. ಮಂಡಿ ಒಳಕ್ಕೆ ಬಿದ್ದರೆ ಸೊಂಟದ ಪಕ್ಕದ ಸ್ನಾಯು ಇನ್ನೂ ಹಿಡಿತಕ್ಕೆ ಬಂದಿಲ್ಲ. ತೂಕ ಇಳಿಸಿ, ಮಂಡಿಯನ್ನು ಕಿರುಬೆರಳಿನ ಕಡೆ ತಳ್ಳುತ್ತಾ ಏಳು. ತಳದಲ್ಲಿ ಬೆನ್ನು ಗೂನಾದರೆ ಅದಕ್ಕಿಂತ ಎರಡಿಂಚು ಮೇಲೇ ನಿಲ್ಲು. ಆಳ ನಿಧಾನಕ್ಕೆ ಬರುತ್ತೆ.

ಕೋಲಿನ ಅಭ್ಯಾಸ ನೋಡೋಕೆ ಸಪ್ಪೆ, ಆದರೆ ಮುಂದೆ ನೆಲದಿಂದ ರಾಡ್ ಎತ್ತೋ ಡೆಡ್‌ಲಿಫ್ಟ್‌ಗೆ ಇದೇ ಅಡಿಪಾಯ. ಕೋಲು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ ಮೂರನ್ನೂ ಮುಟ್ಟಿರಬೇಕು. ಒಂದು ಬಿಟ್ಟರೂ ಬೆನ್ನು ಬಾಗಿದೆ ಅಂತ ಅರ್ಥ.

5ರಿಂದ 8ನೇ ವಾರ

ಕೋಲಿನ ಬದಲು ಕೈಗೊಂದರಂತೆ 5 ಕೆ.ಜಿ. ಡಂಬೆಲ್ ಹಿಡಿದು ಅದೇ ಬಾಗು. ಪುಷ್‌ಅಪ್ ನೆಲಕ್ಕೆ ಇಳಿಸು. ಕೂತು ಮಾಡೋ ಶೋಲ್ಡರ್ ಪ್ರೆಸ್ ಸೇರಿಸು, 2.5 ಕೆ.ಜಿ., 10ರಂತೆ 2 ಸೆಟ್. ಉಳಿದದ್ದು ಹಾಗೇ.

ತೂಕ ಯಾವಾಗ ಏರಿಸೋದು? ಎಲ್ಲ ಸೆಟ್ಟೂ ಸ್ವಚ್ಛವಾಗಿ ಮುಗಿದು, ಇನ್ನೂ ಎರಡು ಹೊಡೆಯಬಹುದಿತ್ತು ಅನ್ನಿಸಬೇಕು. ಹಾಗೆ ಸತತ ಎರಡು ದಿನ ಆದರೆ ಅಲ್ಲಿರೋ ಅತಿ ಚಿಕ್ಕ ಹೆಜ್ಜೆ ಏರಿಸು. ಮೊದಲ ತಿಂಗಳುಗಳಲ್ಲಿ ಶಕ್ತಿ ಹೆಚ್ಚೋದು ಮುಖ್ಯವಾಗಿ ನರಗಳು ಸ್ನಾಯುವನ್ನು ಬಳಸೋದು ಕಲಿಯೋದರಿಂದ. ಸ್ನಾಯುವನ್ನು ಮೂಳೆಗೆ ಕಟ್ಟೋ ಸ್ನಾಯುರಜ್ಜು ಹದವಾಗೋದು ಇನ್ನೂ ನಿಧಾನ. ಕೈಗೆ ಹಗುರ ಅನ್ನಿಸಿದ್ದು ಮೊಣಕೈಗೆ ಹಗುರ ಅಲ್ಲ ಕಣಪ್ಪ. ಪಕ್ಕದ ಬೆಂಚಿನ ಅಣ್ಣ 60 ಕೆ.ಜಿ. ಎತ್ತಿದರೆ ಎತ್ತಲಿ. ‘ಒಂದೇ ಸಲ ಎಷ್ಟು ಎತ್ತುತ್ತೀಯ’ ಪರೀಕ್ಷೆ ಈ 12 ವಾರದಲ್ಲಿ ಇಲ್ಲವೇ ಇಲ್ಲ.

ಕಾಲೇಜಿನ ಕಿರುಪರೀಕ್ಷೆ ಇರೋ ವಾರ ಎರಡೇ ದಿನ ಬಾ, ಒಂದೊಂದು ಸೆಟ್ ಕಮ್ಮಿ.

9ರಿಂದ 12ನೇ ವಾರ

ಈಗ ರಾಡ್. ಉದ್ದನೆಯ ಒಲಿಂಪಿಕ್ ರಾಡ್ ಬರಿಯದೇ 20 ಕೆ.ಜಿ. ತೂಗುತ್ತೆ, ಅದನ್ನು ಬಿಟ್ಟು ಚಿಕ್ಕ ರಾಡ್ ತಗೋ. ಸ್ಕ್ವಾಟ್, ಬೆಂಚ್ ಪ್ರೆಸ್ ಎರಡನ್ನೂ ಪ್ಲೇಟ್ ಹಾಕದೆ 8ರಂತೆ 3 ಸೆಟ್. ಬೆಂಚ್ ಮೇಲೆ ಮಲಗುವಾಗ ತಲೆಯ ಹತ್ತಿರ ಕೋಚ್ ನಿಂತಿರಬೇಕು, ಬರೀ ರಾಡ್ ಆದರೂ ಸರಿ. ಹೆಬ್ಬೆರಳು ರಾಡ್ ಸುತ್ತಿರಲಿ, ಇಲ್ಲದಿದ್ದರೆ ಜಾರಿ ಎದೆ ಮೇಲೆ ಬೀಳುತ್ತೆ.

ನೋವು, ಊಟ, ನಿದ್ದೆ

ಮಾರನೇ ದಿನ ತೊಡೆ ಬಿಗಿಯೋದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತೆ. ಕೀಲಿನಲ್ಲಿ ಚುಚ್ಚಿದರೆ ಅಲ್ಲೇ ನಿಲ್ಲಿಸು. ಬೆಳೆಯೋ ವಯಸ್ಸಲ್ಲಿ ಮೂಳೆ ತುದಿಯ ಬೆಳವಣಿಗೆ ಭಾಗ ಇನ್ನೂ ಮೆತ್ತಗಿರುತ್ತೆ. ಮಂಡಿ ಚಿಪ್ಪಿನ ಕೆಳಗೆ ಒತ್ತಿದರೆ ನೋಯುವ ಗಡ್ಡೆ ಕಂಡರೆ ಮೂಳೆ ಡಾಕ್ಟರಿಗೆ ತೋರಿಸು.

ಮುದ್ದೆ, ಹುರುಳಿಕಾಳು ಸಾರು, ಮೊಸರು, ದಿನಕ್ಕೆ ಎರಡು ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬರೋಕೆ ಒಂದು ಗಂಟೆ ಮುಂಚೆ ಬಾಳೆಹಣ್ಣು ತಿನ್ನು. ಡಬ್ಬಿ ಪೌಡರ್ ಬೇಡ. ಯಾರಾದರೂ ಮಾತ್ರೆ, ಇಂಜೆಕ್ಷನ್ ಮಾತೆತ್ತಿದರೆ ಮನೆಯಲ್ಲೂ ಕೋಚ್‌ಗೂ ಹೇಳು: ಸ್ಟೀರಾಯ್ಡ್ ಬೆಳವಣಿಗೆ ಭಾಗವನ್ನು ಬೇಗ ಮುಚ್ಚಿ ಎತ್ತರವನ್ನೇ ನಿಲ್ಲಿಸಬಹುದು. ರಾತ್ರಿ ಕನಿಷ್ಠ 8 ಗಂಟೆ ನಿದ್ದೆ.

ಅಪ್ಪ ಅಮ್ಮನವರಿಗೆ: ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಅನ್ನೋದು ನಿಜವಲ್ಲ. ಕಾವಲಿಲ್ಲದೆ, ಅಳತೆ ಮೀರಿ ಎತ್ತಿದಾಗ ಪೆಟ್ಟಾಗುತ್ತೆ. ಹಳೇ ಪೆಟ್ಟು, ಉಬ್ಬಸ, ಹೃದಯದ ತೊಂದರೆ ಇದ್ದರೆ ದಯವಿಟ್ಟು ಮೊದಲೇ ತಿಳಿಸಿ.

ಮೊದಲ ಸೋಮವಾರ ನಿನ್ನ ಸ್ಕ್ವಾಟನ್ನು ಪಕ್ಕದಿಂದ ವಿಡಿಯೊ ಮಾಡ್ತೀವಿ. 12ನೇ ವಾರದ ಶುಕ್ರವಾರ ಅದೇ ಜಾಗದಲ್ಲಿ ಇನ್ನೊಂದು. ಎರಡನ್ನೂ ಜೊತೆಗಿಟ್ಟು ನೋಡಿ ಮುಂದಿನ ಪಟ್ಟಿ ಬರೆಯೋಣ.