ಪಾಂಡವಪುರದ ಆಲೆಮನೆ: ಲಾಭದ ಲೆಕ್ಕ, ಊರಿನ ಲೆಕ್ಕ

ಪಾಂಡವಪುರದಲ್ಲಿ ಶುರು ಮಾಡಲಿರುವ ಆಲೆಮನೆಯಲ್ಲಿ ನಾವು ಮಾಡುವುದು, ಬಣ್ಣ ತಿಳಿಯಾಗಿಸುವ ಹೈಡ್ರೋಸ್ ರಾಸಾಯನಿಕ ಹಾಕದ ಅಚ್ಚು ಬೆಲ್ಲ. ಬಣ್ಣ ಸ್ವಲ್ಪ ಕಪ್ಪಾಗೇ ಇರುತ್ತೆ. ಅದನ್ನು ಮರೆಮಾಡದೆ ಪ್ಯಾಕೆಟ್ ಮೇಲೆ ಬರೆದೇ ಮಾರುತ್ತೇವೆ.

ಬಂಡವಾಳ 25 ಲಕ್ಷ. ದಿನಕ್ಕೆ 3 ಟನ್ ಕಬ್ಬು, ವರ್ಷಕ್ಕೆ 200 ದಿನ. ಟನ್ನಿಗೆ 100 ಕೆಜಿಯಂತೆ 60,000 ಕೆಜಿ ಬೆಲ್ಲ. ಕೆಜಿಗೆ 70 ರೂಪಾಯಿ ಸಿಕ್ಕರೆ 42 ಲಕ್ಷ. ಟನ್ನಿಗೆ 3,600ರಂತೆ ಕಬ್ಬಿಗೆ 21.6 ಲಕ್ಷ, ಎಂಟು ಜನರ ಕೂಲಿ 9.6 ಲಕ್ಷ, ಪ್ಯಾಕಿಂಗ್, ಕರೆಂಟ್, ಸಾಗಣೆ, ಬಡ್ಡಿ ಸೇರಿ 7 ಲಕ್ಷ. ಉಳಿಯುವುದು 3.8 ಲಕ್ಷ. ಬೆಲೆ 65ಕ್ಕೆ ಇಳಿದರೆ ಬರೀ 80 ಸಾವಿರ. ಅದಕ್ಕೇ ಅರ್ಧ ಸರಕನ್ನು ಮೈಸೂರಿನ ಅಂಗಡಿಗಳಿಗೆ ಮುಂಗಡ ಒಪ್ಪಂದದಲ್ಲಿ ಕೊಡುತ್ತೇವೆ.

ಈ ಲಾಭದ ಪುಸ್ತಕದ ಜೊತೆಗೇ ಊರಿನ ಲೆಕ್ಕಕ್ಕೆ ಇನ್ನೊಂದು ಪುಸ್ತಕ. ಕಬ್ಬು ಕೊಟ್ಟ ರೈತರಿಗೆ ಎಷ್ಟು ದಿನಕ್ಕೆ ಹಣ ಸೇರಿತು? ಗುರಿ 15 ದಿನ. ಹೆಂಗಸರಿಗೆ ಎಷ್ಟು ದಿನ ಕೆಲಸ ಸಿಕ್ಕಿತು? ಬೇರೆ ಕಡೆ ಕೂಲಿ ಬಿಟ್ಟು ಬಂದವರ ದಿನಗಳನ್ನು ನಮ್ಮ ಸಾಧನೆ ಅಂತ ಎಣಿಸುವುದಿಲ್ಲ, ಅದು ಸುಳ್ಳಾಗುತ್ತೆ ಅಲ್ವಾ? ಒಲೆಗೆ ರಸ ಹಿಂಡಿದ ಕಬ್ಬಿನ ಒಣ ರಚ್ಚು, ಸೌದೆ ಮಾತ್ರ. ಹಳೇ ಟೈರ್ ಒಂದೂ ಬೇಡ, ಆ ಹೊಗೆ ಕುಡಿಯುವುದು ನಮ್ಮ ಮಕ್ಕಳೇ.

ಶುರುವಿಗೆ ಮೊದಲೇ 40 ಮನೆಗಳನ್ನು ಕೇಳಿ ಇಂದಿನ ಸ್ಥಿತಿ ಬರೆದಿಡುತ್ತೇವೆ. ಮೂರು ತಿಂಗಳಿಗೊಮ್ಮೆ ಎರಡೂ ಪುಸ್ತಕ ಊರಿನವರ ಮುಂದೆ ತೆರೆಯುತ್ತೇವೆ. ರೈತರ ಹಣ ಬಾಕಿ ಇದ್ದರೆ ಆ ವರ್ಷ ಪಾಲುದಾರರಿಗೆ ಲಾಭ ಹಂಚುವುದಿಲ್ಲ.