ರೈಟ್, ಹೋಲ್ಡಾನ್

(ಬಸವನಗುಡಿಯ ಒಂದು ಸಣ್ಣ ಸಭಾಂಗಣ. ಭವ್ಯ, 29 ವರ್ಷ, ಹಾಸನದವಳು. ಹೆಗಲಿಗೆ ಹಳೆಯ ಕಂಡಕ್ಟರ್ ಬ್ಯಾಗ್. ಮೈಕ್ ಹಿಡಿಯುವ ಮುಂಚೆ ಬ್ಯಾಗನ್ನು ಒಮ್ಮೆ ಅಲ್ಲಾಡಿಸುತ್ತಾಳೆ. ಚಿಲ್ಲರೆಯ ಸದ್ದು.)

ನಮಸ್ಕಾರ! ಹಿಂದೆ ನಿಂತಿರುವವರು ಮುಂದೆ ಬನ್ನಿ. ಮುಂದೆ ಖಾಲಿ ಇದೆ. ಬಾಗಿಲ ಹತ್ತಿರ ಯಾಕ್ರೀ ನಿಲ್ತೀರಾ, ಮುಂದೆ ಬನ್ನಿ!

ನೋಡಿ, ಬಂದರು. ಈ ದನಿಗೆ ಕರ್ನಾಟಕದಲ್ಲಿ ಯಾರೂ ಎದುರಾಡಲ್ಲ. ಇದು ನಮ್ಮಪ್ಪನ ದನಿ. ಹಾಸನ–ಸಕಲೇಶಪುರ ಕೆಂಪು ಬಸ್ಸಲ್ಲಿ 26 ವರ್ಷ ಕಂಡಕ್ಟರ್ ಆಗಿದ್ದರು.

ಕಂಡಕ್ಟರ್ ಮನೆ ಹೇಗಿರುತ್ತದೆ ಗೊತ್ತಾ? ನಮ್ಮನೆಯಲ್ಲಿ ಸೋಫಾ ಇತ್ತು. ಮೂರು ಜನ ಕೂರುವ ಸೋಫಾ. ನಾಲ್ಕನೇ ನೆಂಟ ಬಂದರೆ ಅಪ್ಪ, "ಸ್ವಲ್ಪ ಸರ್ಕೊಳ್ಳಿ, ಸ್ವಲ್ಪ ಸರ್ಕೊಳ್ಳಿ." ಐದನೆಯವರು ಬಂದರೆ, "ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ." ಆ ಮಗು ನಾನು. ಆಗ ನಾನು ಪಿಯುಸಿ.

ನಿದ್ದೆಯಲ್ಲೂ ಡ್ಯೂಟಿ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, "ಬಾಳ್ಳುಪೇಟೆ ಯಾರ್ರೀ ಬಾಳ್ಳುಪೇಟೆ?" ಅಮ್ಮ ಕಣ್ಣು ಬಿಡದೇ, "ಯಾರೂ ಇಲ್ಲ, ರೈಟ್." ಅಪ್ಪ ಮತ್ತೆ ಮಲಗುತ್ತಿದ್ದರು.

ಅವರ ಬದುಕು ನಡೆದದ್ದೇ ಈ ಎರಡು ಮಾತಿನ ಮೇಲೆ. ಹೊರಡೋಕೆ ರೈಟ್. ನಿಲ್ಲೋಕೆ ಹೋಲ್ಡಾನ್. ಮದುವೆ ಮನೆಗೆ ಹೊರಟಾಗ ಅಮ್ಮನಿಗೆ ಬೀಗ ಹಾಕಿದೆನಾ ಅಂತ ಅನುಮಾನ ಬರೋದು. ಅಪ್ಪ ಆಟೋದಲ್ಲಿ ಕೂತೇ "ಹೋಲ್ಡಾನ್!" ಆಟೋದವನು ಬ್ರೇಕ್ ಹಾಕುತ್ತಿದ್ದ. ಹಿಂದೆ ಬರುತ್ತಿದ್ದ ಆಟೋದವನೂ ಹಾಕುತ್ತಿದ್ದ.

ಆ ಮಾತಿಗೆ ಅಷ್ಟು ಬೆಲೆ ಇತ್ತು. ಯಾರೋ ಅಜ್ಜಿ ಗದ್ದೆ ಬದುವಿನ ಮೇಲೆ ಕೈ ಎತ್ತಿಕೊಂಡು ಓಡಿ ಬರುತ್ತಿದ್ದರೆ ಹೋಲ್ಡಾನ್. ಯಾರದೋ ಚಪ್ಪಲಿ ಬಿದ್ದರೆ ಹೋಲ್ಡಾನ್. ಒಂದು ಸಲ ಚೀಲದಿಂದ ಕೋಳಿ ಹಾರಿಹೋಯಿತು. ಹೋಲ್ಡಾನ್! ಐವತ್ತು ಜನ ಇಳಿದು ಕಾಫಿ ತೋಟದಲ್ಲಿ ಕೋಳಿ ಹುಡುಕಿದರು. ಸಿಕ್ಕಿತು. ಆಮೇಲೆ ಅಪ್ಪ ಲಗೇಜ್ ಟಿಕೆಟ್ ಹರಿದರು. ಚೀಲದೊಳಗೆ ಇದ್ದಾಗ ಅದು ಕೋಳಿ ಅಂತ ಅವರಿಗೆ ಗೊತ್ತೇ ಇರಲಿಲ್ಲ!

ಲೆಕ್ಕ ಅಂದರೆ ಲೆಕ್ಕ. ಡ್ಯೂಟಿಗೆ ಹತ್ತುವ ಮುಂಚೆ ಕಂಡಕ್ಟರ್ ಜೇಬಲ್ಲಿ ಸ್ವಂತದ್ದು ಎಷ್ಟು ದುಡ್ಡಿದೆ ಅಂತ ಬರೆದಿಡಬೇಕು. ಅಮ್ಮ ತರಕಾರಿಗೆ ಅಂತ ಜೇಬಲ್ಲಿ ಇಪ್ಪತ್ತು ರೂಪಾಯಿ ಜಾಸ್ತಿ ಇಟ್ಟರೆ ಮನೆಯಲ್ಲಿ ಯುದ್ಧ. "ಚೆಕಿಂಗ್‌ನವರು ಬಂದರೆ ಏನಂತ ಹೇಳಲಿ?" ಅಮ್ಮ, "ಹೆಂಡತಿ ಕೊಟ್ಟಳು ಅನ್ನಿ." ಅಪ್ಪ, "ಯಾರು ನಂಬ್ತಾರೆ?"

2016ರ ನವೆಂಬರ್‌ನಲ್ಲಿ ನೋಟು ರದ್ದಾಯಿತಲ್ಲ, ಆ ತಿಂಗಳು ಅಪ್ಪನ ತಲೆಗೂದಲು ನಮ್ಮ ಕಣ್ಣೆದುರೇ ಬೆಳ್ಳಗಾಯಿತು. ಚಿಕ್ಕ ಟಿಕೆಟ್ಟಿಗೂ ಗುಲಾಬಿ ಬಣ್ಣದ ಎರಡು ಸಾವಿರ! ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬರೆದುಕೊಡ್ತಾರಲ್ಲ, ಇಳಿಯುವಾಗ ಇಸ್ಕೊಳ್ಳಿ ಅಂತ. ಅಷ್ಟು ದೊಡ್ಡ ಲೆಕ್ಕ ಬರೆಯೋಕೆ ಟಿಕೆಟ್ಟಲ್ಲಿ ಜಾಗ ಎಲ್ಲಿದೆ? ಒಬ್ಬರಿಗೆ ಅಂಗೈ ಮೇಲೆ ಬರೆದುಕೊಟ್ಟರು. ಇಳಿಯೋವರೆಗೂ ಬೆವರಬೇಡಿ ಅಂದರು.

(ನೀರು ಕುಡಿಯುತ್ತಾಳೆ.)

2023ರ ಏಪ್ರಿಲ್‌ನಲ್ಲಿ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಗೆ ಹಾಕಿದೆವು. ಐಸಿಯುನಲ್ಲಿ ಎಂಟು ಬೆಡ್. ಅಪ್ಪ ಕಣ್ಣು ಬಿಟ್ಟು ಎಣಿಸಿದರು. ನರ್ಸಮ್ಮನ ಹತ್ತಿರ, "ಎಲ್ಲಾ ಸೀಟೂ ಫುಲ್ಲು, ಇನ್ನು ಹತ್ತಿಸ್ಬೇಡಿ."

ಬೆರಳಿಗೆ ಕ್ಲಿಪ್ ಹಾಕಿದ್ದರು. ಹೆಬ್ಬೆರಳು ಮಾತ್ರ ಆಡುತ್ತಲೇ ಇತ್ತು. ಹೀಗೆ, ಹೀಗೆ. (ನೋಟು ಎಣಿಸುವಂತೆ ಹೆಬ್ಬೆರಳು ಸವರುತ್ತಾಳೆ.) ಡಾಕ್ಟರು ಇದೇನು ಅಂತ ಕೇಳಿದರು. ನಾನು ಹೇಳಿದೆ, ಕಲೆಕ್ಷನ್ ಸರ್. ಡಿಪೋಗೆ ಕಟ್ಟೋವರೆಗೂ ನಿಲ್ಲಲ್ಲ.

ಮೂರನೇ ದಿನ ಬೆಳಗಿನ ಜಾವ ಆ ಬೆರಳು ನಿಂತಿತು.

ನಾನು ಅಪ್ಪನ ಕಿವಿಯ ಹತ್ತಿರ ಬಗ್ಗಿದೆ. ಹೋಲ್ಡಾನ್ ಅಂದೆ. ಆಮೇಲೆ ಜೋರಾಗಿ ಅಂದೆ. ಎಂಟು ಬೆಡ್ಡಿನವರಿಗೂ ಕೇಳಿಸುವಷ್ಟು.

ಕೋಳಿಗೆ ನಿಂತಿತ್ತು ಕಣ್ರೀ ಆ ಬಸ್ಸು.

(ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ.)

ಮಣ್ಣಿಗೆ ಹೊರಟಾಗ ವ್ಯಾನಿನ ಸ್ಟೇರಿಂಗ್ ಹಿಡಿದಿದ್ದವರು ಶಿವಣ್ಣ ಮಾಮ. ಅಪ್ಪನ ಜೊತೆ 14 ವರ್ಷ ಅದೇ ರೂಟಲ್ಲಿ ಡ್ರೈವರ್ ಆಗಿದ್ದವರು. ಇನ್ನೊಬ್ಬ ಓಡಿಸೋದು ಬೇಡ ಅಂತ ಹಟ ಹಿಡಿದು ಕೂತಿದ್ದರು. ಎಲ್ಲ ಹತ್ತಿದೆವು. ಬಾಗಿಲು ಹಾಕಿಯಾಯಿತು. ಗಾಡಿ ಹೊರಡುತ್ತಿಲ್ಲ. ಇಂಜಿನ್ ಓಡ್ತಾ ಇದೆ, ಗೇರ್ ಬಿದ್ದಿದೆ, ಮಾಮ ಕನ್ನಡಿ ನೋಡುತ್ತಾ ಕೂತಿದ್ದಾರೆ. ನಮ್ಮ ದೊಡ್ಡಪ್ಪ, "ಡೀಸೆಲ್ ಇಲ್ವೇನೋ ಶಿವಣ್ಣ?"

ಡೀಸೆಲ್ ಇತ್ತು. ಹಿಂದಿನಿಂದ ರೈಟ್ ಬಂದಿರಲಿಲ್ಲ. 14 ವರ್ಷ ಆ ಮಾತು ಕೇಳದೆ ಅವರು ಕ್ಲಚ್ ಬಿಟ್ಟವರೇ ಅಲ್ಲ.

ನಾನು ತಗಡಿಗೆ ಎರಡು ಏಟು ಹಾಕಿದೆ. ರೈಟ್ ಮಾಮ.

ಹೊರಟಿತು.

11ನೇ ದಿನದ ಊಟಕ್ಕೆ ಬಾಳ್ಳುಪೇಟೆಯಿಂದ ಒಬ್ಬರು ಅಜ್ಜಿ ಬಂದರು. ನಮಗೆ ಯಾರಿಗೂ ಪರಿಚಯ ಇಲ್ಲ. ಸೀದಾ ಅಮ್ಮನ ಹತ್ತಿರ ಹೋಗಿ ಸೊಂಟದ ಚೀಲದಿಂದ ಒಂದು ಟಿಕೆಟ್ ತೆಗೆದರು. ಹಿಂದೆ ಅಪ್ಪನ ಅಕ್ಷರ. 8. ಸುತ್ತ ಒಂದು ಸೊನ್ನೆ. "ಎಂಟು ರೂಪಾಯಿ ಕೊಡ್ಬೇಕಿತ್ತು ನಿನ್ನ ಗಂಡ."

ದೊಡ್ಡಪ್ಪನಿಗೆ ಕೋಪ ಬಂತು. ಸಾವಿನ ಮನೆಗೆ ಚಿಲ್ಲರೆ ಕೇಳೋಕೆ ಬರ್ತಾರಾ? ಅಜ್ಜಿ ಅಂದರು, "ನಂಗೇನ್ ಮಾಡಕಪ್ಪಾ ಎಂಟ್ ರೂಪಾಯಿ? ಆ ಮಗ ಯಾರ್ ದುಡ್ಡೂ ಇಟ್ಕೊಂಡೋನಲ್ಲ. ಬಾಕಿ ಇಟ್ಕೊಂಡು ಹೋದ್ರೆ ಅಲ್ಲಿ ಅವ್ನಿಗೆ ನಿದ್ದೆ ಬರಲ್ಲ."

ಅಮ್ಮ ಇದೇ ಬ್ಯಾಗಿಂದ ಹತ್ತರ ನೋಟು ಕೊಟ್ಟಳು. ಅಜ್ಜಿ ಎರಡು ರೂಪಾಯಿ ವಾಪಸ್ ಕೊಟ್ಟರು. ಎಣಿಸಿ ಕೊಟ್ಟರು. ಪಾಯಸ ಎರಡು ಸಲ ಹಾಕಿಸಿಕೊಂಡು ಹೋದರು.

(ಬ್ಯಾಗಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ತೋರಿಸಿ, ಮತ್ತೆ ಒಳಗೆ ಹಾಕುತ್ತಾಳೆ.)

ಇದು ಖರ್ಚಿಗಲ್ಲ.

ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಬಸ್ ಫ್ರೀ. ಅಮ್ಮ ನೇರವಾಗಿ ಅಪ್ಪನ ಫೋಟೋ ಮುಂದೆ ಹೋಗಿ ನಿಂತಳು. "ನೋಡಿ! ಇಷ್ಟು ವರ್ಷ ನನಗೂ ಟಿಕೆಟ್ ಹರಿದ್ರಲ್ಲ!" ಹೌದು, ಅಮ್ಮ ಹತ್ತಿದರೆ ಅಪ್ಪ ತಮ್ಮ ಜೇಬಿಂದ ದುಡ್ಡು ತೆಗೆದು ಟಿಕೆಟ್ ಹರಿದು ಅವಳ ಕೈಗೆ ಕೊಡುತ್ತಿದ್ದರು. ಜೇಬಿನ ಲೆಕ್ಕ ಬೇರೆ, ಬ್ಯಾಗಿನ ಲೆಕ್ಕ ಬೇರೆ.

ಈಗ ಅಮ್ಮ ವಾರಕ್ಕೆ ಎರಡು ಸಲ ಸಕಲೇಶಪುರಕ್ಕೆ ಹೋಗುತ್ತಾಳೆ. ಅಲ್ಲಿ ನಮಗೆ ನೆಂಟರಿಲ್ಲ. ಬಸ್ ಸ್ಟಾಂಡಲ್ಲಿ ಒಂದು ಕಾಫಿ ಕುಡಿದು ಅದೇ ಬಸ್ಸಿಗೆ ವಾಪಸ್. ಸೊನ್ನೆ ರೂಪಾಯಿ ಟಿಕೆಟ್ ಅಂತ ಎಸೆಯಲ್ಲ, ನಾಲ್ಕು ಮಡಿಕೆ ಮಾಡಿ ಅಪ್ಪನ ಹಳೇ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಾಳೆ.

ಈಗಿನ ಕಂಡಕ್ಟರ್ ಚಿಕ್ಕ ಹುಡುಗ. ಮೊನ್ನೆ ಅವನಿಗೆ ತಡೆಯಲಾಗಲಿಲ್ಲ. "ಏನಮ್ಮಾ, ಬಂದ ಬಸ್ಸಲ್ಲೇ ವಾಪಸ್ ಹೋಗ್ತೀರಲ್ಲ, ಯಾರನ್ನ ನೋಡೋಕೆ ಬರ್ತೀರಾ?"

ಅಮ್ಮ ಅಂದಳು, "ನೋಡೋಕಲ್ಲ ಕಣಪ್ಪಾ. ಡ್ಯೂಟಿ."

(ಬ್ಯಾಗಿನ ಗುಂಡಿ ಹಾಕುತ್ತಾಳೆ. ಮೈಕ್ ಸ್ಟ್ಯಾಂಡಿಗೆ ಎರಡು ಏಟು ಹಾಕಿ ಇಳಿಯುತ್ತಾಳೆ.)